ಕಾಣದ ಎಳ್ಳಿಗೊಂದು ಗುರುತು

ತಿಪ್ಪಸಂದ್ರದ ನಮ್ಮ ಕೆಫೆಯ ಮೆನು ಕಾರ್ಡಿನಲ್ಲಿ ಕೆಲವು ತಿಂಡಿಗಳ ಪಕ್ಕ ಕಪ್ಪು ಚೌಕದೊಳಗೆ ‘ಎಳ್ಳು’ ಎಂದು ಬರೆದಿದೆ. ಕಾರ್ಡು ಬದಲಾದಾಗಿನಿಂದ ಅದೇನೆಂದು ಕೇಳದವರಿಲ್ಲ. ಹಿರಿಯರೊಬ್ಬರು ಅದು ಶನಿದೋಷ ಇರುವವರಿಗೆ ತಿನ್ನಲು ಹೇಳಿದ ತಿಂಡಿಯೇನೋ ಎಂದುಕೊಂಡು ಶನಿವಾರ ಬೆಳಗ್ಗೆ ಗುರುತಿರುವುದನ್ನೇ ಹುಡುಕಿ ಆರ್ಡರ್ ಮಾಡಿದರು. ಪುಳಿಯೋಗರೆ ಅವರಿಗೆ ಇಷ್ಟವಾಯಿತು, ಆದ್ದರಿಂದ ನಷ್ಟವೇನೂ ಇಲ್ಲ. ಆದರೆ ಗುರುತು ಇರುವುದು ತಿನ್ನಿ ಎಂದು ಹೇಳುವುದಕ್ಕಲ್ಲ. ಎಳ್ಳು ಮೈಗೆ ಆಗದವರು ಆ ತಿಂಡಿಯನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಲಿ ಎಂಬುದಕ್ಕೆ.

‘ಎಳ್ಳಿಗೂ ಅಲರ್ಜಿಯಾ ಸ್ವಾಮಿ?’ ಎಂಬುದು ಎರಡನೆಯ ಪ್ರಶ್ನೆ. ಹೌದು, ಇದೆ. ಕಡಲೆಕಾಯಿ, ಹಾಲು, ಮೊಟ್ಟೆಯ ಅಲರ್ಜಿಯ ಹಾಗೆಯೇ ಎಳ್ಳಿನಲ್ಲಿರುವ ಕೆಲವು ಪ್ರೋಟೀನುಗಳನ್ನು ಕೆಲವರ ದೇಹ ಶತ್ರುವೆಂದು ತಿಳಿಯುತ್ತದೆ. ತಿಂದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಬಾಯಿ ತುರಿಕೆ, ಮೈಮೇಲೆ ದದ್ದು, ತುಟಿ ಊದುವುದು, ವಾಂತಿ ಶುರುವಾಗುತ್ತವೆ. ಜೋರಾದರೆ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹುರಿದರೆ ಹೋಗುತ್ತದೆ ಎಂದು ನಂಬುವಂತಿಲ್ಲ. ಎಳ್ಳಿನ ಮುಖ್ಯ ಅಲರ್ಜಿಕಾರಕ ಪ್ರೋಟೀನು ಶಾಖಕ್ಕೆ ಸುಲಭವಾಗಿ ಬಗ್ಗುವಂಥದ್ದಲ್ಲ. ಬಹಳಷ್ಟು ಮಂದಿಗೆ ಇದು ಮಕ್ಕಳಾಗಿದ್ದಾಗ ಬಂದು ದೊಡ್ಡವರಾದ ಮೇಲೂ ಉಳಿದುಬಿಡುತ್ತದೆ.

ಎಷ್ಟು ತಿಂದರೆ ತೊಂದರೆ ಎಂಬುದರಲ್ಲಿ ನಮ್ಮ ಅಡುಗೆಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ ಕರೆದ ತಜ್ಞರ ಸಮಿತಿ ಎಳ್ಳಿಗೆ ಸೂಚಿಸಿರುವ ಮಿತಿ 2 ಮಿಲಿಗ್ರಾಂ ಪ್ರೋಟೀನು. ಅಷ್ಟರೊಳಗಿದ್ದರೆ ಎಳ್ಳಿನ ಅಲರ್ಜಿ ಇರುವ ನೂರು ಜನರಲ್ಲಿ ಸುಮಾರು 95 ಮಂದಿಗೆ ಹೊರಗೆ ಕಾಣುವಂಥ ತೊಂದರೆ ಆಗುವುದಿಲ್ಲ ಎಂದು ಅದರರ್ಥ. ಸಾವಿರ ಕಾಳು ಎಳ್ಳು ತೂಗಿದರೆ ಮೂರು ಗ್ರಾಂ ಆಸುಪಾಸು, ಅಂದರೆ ಒಂದು ಸಣ್ಣ ಚಮಚ. ಒಂದು ಕಾಳಿನ ತೂಕ ಮೂರು ಮಿಲಿಗ್ರಾಂ, ಅದರಲ್ಲಿ ಪ್ರೋಟೀನು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಾಗಾದರೆ 2 ಮಿಲಿಗ್ರಾಂ ಪ್ರೋಟೀನು ಎಂದರೆ ನಾಲ್ಕೇ ಕಾಳು! ಚಟ್ನಿಪುಡಿ ಡಬ್ಬದಿಂದ ತೆಗೆದ ಚಮಚವನ್ನು ಒರೆಸಿ ಸಕ್ಕರೆ ಡಬ್ಬಕ್ಕೆ ಹಾಕಿದರೆ ಅಷ್ಟು ಹೋಗಿರುತ್ತದೆ.

ಚಿಗಳಿ ಉಂಡೆಯಲ್ಲಿ, ಎಳ್ಳುಬೆಲ್ಲದಲ್ಲಿ, ಬನ್ನಿನ ನೆತ್ತಿಯ ಮೇಲೆ ಕಾಣುವ ಎಳ್ಳು ಯಾರನ್ನೂ ಮೋಸ ಮಾಡುವುದಿಲ್ಲ. ಅಲರ್ಜಿ ಇರುವವರು ದೂರದಿಂದಲೇ ನೋಡಿ ಬೇಡವೆನ್ನುತ್ತಾರೆ. ಕಷ್ಟ ಇರುವುದು ಅರೆದ ಎಳ್ಳಿನಲ್ಲಿ, ಎಣ್ಣೆಯಾಗಿ ಬಂದ ಎಳ್ಳಿನಲ್ಲಿ. ನಮ್ಮ ಕಡೆಯ ಅಡುಗೆಯಲ್ಲಿ ಎಳ್ಳು ಹೆಚ್ಚಾಗಿ ಇರುವುದು ಹೀಗೆ ವೇಷ ಬದಲಿಸಿಕೊಂಡೇ. ಪುಳಿಯೋಗರೆ ಗೊಜ್ಜಿಗೆ ಕರಿ ಎಳ್ಳು ಹುರಿದು ಪುಡಿ ಮಾಡಿ ಹಾಕುತ್ತೇವೆ, ಗೊಜ್ಜನ್ನು ಕುದಿಸುವುದೂ ಎಳ್ಳೆಣ್ಣೆಯಲ್ಲಿ. ಅನ್ನಕ್ಕೆ ಕಲಸಿದ ಮೇಲೆ ಒಂದು ಕಾಳೂ ಕಾಣುವುದಿಲ್ಲ. ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯಲ್ಲಿ ಕಡಲೆಕಾಯಿ, ಕೊಬ್ಬರಿಯ ಜೊತೆ ಎಳ್ಳು ಅರೆದಿರುತ್ತದೆ. ತಿನ್ನುವವರಿಗೆ ಕಡಲೆಕಾಯಿಯ ರುಚಿ ಮಾತ್ರ ಗೊತ್ತಾಗುತ್ತದೆ. ಉಪ್ಪಿನಕಾಯಿಯ ಮೇಲೆ ನಿಂತ ಎಣ್ಣೆ ಬಹಳ ಸಲ ಎಳ್ಳೆಣ್ಣೆಯೇ.

ಆದ್ದರಿಂದ ಕಾರ್ಡಿನಲ್ಲಿ ಮೂರು ಗುರುತು ಇಟ್ಟಿದ್ದೇವೆ. ಕಪ್ಪು ಚೌಕದ ‘ಎಳ್ಳು’ ಇದ್ದರೆ ಎಳ್ಳೋ ಎಳ್ಳೆಣ್ಣೆಯೋ ಆ ತಿಂಡಿಗೆ ಬಿದ್ದೇ ಇದೆ ಎಂದರ್ಥ, ಕಾಣಲಿ ಕಾಣದಿರಲಿ. ಬಿಳಿ ಚೌಕದ ‘ತಗುಲಬಹುದು’ ಇದ್ದರೆ ತಿಂಡಿಗೆ ನಾವು ಎಳ್ಳು ಹಾಕಿಲ್ಲ, ಆದರೆ ಎಳ್ಳು ಬಿದ್ದ ಎಣ್ಣೆಯಲ್ಲೋ ಕಾವಲಿಯ ಮೇಲೋ ಅದೂ ಆಗಿದೆ. ಮೂರನೆಯದು ‘ಕೇಳಿ’. ಹೊರಗಿನಿಂದ ಬಂದ ಮಾಲಿನಲ್ಲಿ ಏನಿದೆ ಎಂದು ತಂದುಕೊಡುವವರೇ ಖಚಿತವಾಗಿ ಹೇಳದೆ ಹೋದರೆ ನಾವು ಊಹಿಸಿ ಬರೆಯುವುದಿಲ್ಲ, ಇದನ್ನು ಹಾಕುತ್ತೇವೆ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಪದಾರ್ಥ, ಪಾತ್ರೆ, ಎಣ್ಣೆ ಮೂರನ್ನೂ ನೋಡಿದ್ದೇವೆ, ಎಳ್ಳಿನ ದಾರಿ ಕಾಣಲಿಲ್ಲ ಎಂದು ತಿಳಿಯಿರಿ. ಆದರೆ ಎಳ್ಳು ಹುರಿಯುವ ಅಡುಗೆಮನೆ ಇದು, ಒಂದೇ ಸೂರು. ‘ಎಳ್ಳು ಒಂದಿಷ್ಟೂ ಇಲ್ಲ’ ಎಂದು ಸ್ಟಾಂಪು ಹೊಡೆದು ಕೊಡಲು ಇಲ್ಲಿ ಆಗುವುದಿಲ್ಲ.

ಬಣ್ಣದ ಚುಕ್ಕೆ ಯಾಕೆ ಇಡಲಿಲ್ಲ ಎಂದು ಕಾರ್ಡು ಅಚ್ಚು ಮಾಡಿದ ಹುಡುಗನೂ ಕೇಳಿದ. ಹಸಿರು ಚುಕ್ಕೆ ಸಸ್ಯಾಹಾರದ್ದು, ಅದರ ಪಕ್ಕ ಇನ್ನೊಂದು ಬಣ್ಣ ಬಂದರೆ ಗೊಂದಲ. ಜೊತೆಗೆ ಕಾರ್ಡು ಹರಿದಾಗ ಜೆರಾಕ್ಸ್ ತೆಗೆಸುವುದು ನಮ್ಮ ಪದ್ಧತಿ. ಜೆರಾಕ್ಸಿನಲ್ಲಿ ಬಣ್ಣ ಹೋಗುತ್ತದೆ, ಅಕ್ಷರ ಉಳಿಯುತ್ತದೆ.

ಒಂದು ತಟ್ಟೆಯನ್ನು ಮುಂದಿಟ್ಟುಕೊಂಡು ನೋಡೋಣ. ಬಿಡದಿಯ ಕಡೆಯಿಂದ ಜಿಲ್ಲೆಗೆಲ್ಲ ಹೆಸರು ತಂದ ತಟ್ಟೆ ಇಡ್ಲಿ ನಮ್ಮಲ್ಲೂ ಇದೆ. ಅಕ್ಕಿ, ಉದ್ದು, ಅವಲಕ್ಕಿ ನೆನೆಸಿ ರುಬ್ಬಿದ ಹಿಟ್ಟಿನಲ್ಲಿ ಎಳ್ಳಿಲ್ಲ. ತಟ್ಟೆಗೆ ಸವರುವ ಎಣ್ಣೆ ಯಾವುದು? ಮನೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ಸವರುತ್ತಾರೆ, ಎಷ್ಟೋ ಸಲ ಎಳ್ಳೆಣ್ಣೆಯನ್ನೇ. ನಮ್ಮಲ್ಲಿ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆ ಮಾತ್ರ, ಅದಕ್ಕೊಂದು ಬೇರೆ ಬಟ್ಟಲು. ಕಾಯಿ ಚಟ್ನಿಗೆ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ. ಒಗ್ಗರಣೆಯೂ ಸೂರ್ಯಕಾಂತಿ ಎಣ್ಣೆಯಲ್ಲೇ. ಇಲ್ಲಿಯವರೆಗೆ ಎಳ್ಳಿನ ಸುಳಿವಿಲ್ಲ. ಮೇಲೆ ಇಡುವ ಬೆಣ್ಣೆಯದೂ ತಕರಾರಿಲ್ಲ, ಪುಡಿ ಚಮಚವನ್ನೇ ಬೆಣ್ಣೆಗೆ ಅದ್ದದಿದ್ದರೆ. ಈಗ ಅದೇ ಇಡ್ಲಿಯ ಮೇಲೆ ಪುಡಿ ಉದುರಿಸಿ ಎಳ್ಳೆಣ್ಣೆ ಬಿಟ್ಟು ‘ಪುಡಿ ಇಡ್ಲಿ’ ಮಾಡಿದರೆ, ಪುಡಿಯಲ್ಲೂ ಎಳ್ಳು, ಎಣ್ಣೆಯಲ್ಲೂ ಎಳ್ಳು. ಕಪ್ಪು ಚೌಕ ಬಿತ್ತು. ಆದ್ದರಿಂದಲೇ ಕಾರ್ಡಿನಲ್ಲಿ ತಟ್ಟೆ ಇಡ್ಲಿಯೂ ಪುಡಿ ಇಡ್ಲಿಯೂ ಬೇರೆ ಬೇರೆ ಸಾಲಿನಲ್ಲಿವೆ. ಮೊದಲನೆಯದಕ್ಕೆ ಗುರುತಿಲ್ಲ, ಎರಡನೆಯದಕ್ಕೆ ಇದೆ. ‘ತಟ್ಟೆ ಇಡ್ಲಿ, ಬೇಕಾದರೆ ಪುಡಿ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಗುರುತು ಹಾಕಿದರೂ ತಪ್ಪು, ಬಿಟ್ಟರೂ ತಪ್ಪು.

ಚಟ್ನಿ ರುಬ್ಬುವ ಮಿಕ್ಸಿ ಜಾರಿನದು ಒಂದು ಸೂಕ್ಷ್ಮ. ಒಣ ಪುಡಿ ಮಾಡಿದ ಜಾರನ್ನು ತೊಳೆದರೂ ಬ್ಲೇಡಿನ ಕೆಳಗಿನ ರಬ್ಬರು ಸುತ್ತಿನಲ್ಲಿ, ಮುಚ್ಚಳದ ಅಂಚಿನಲ್ಲಿ ಜಿಡ್ಡಿನ ಜೊತೆ ಪುಡಿ ಕೂತಿರುತ್ತದೆ. ಬೆರಳಾಡಿಸಿದರೆ ಎಣ್ಣೆ ಅಂಟುತ್ತದೆ, ಮೂಸಿದರೆ ಎಳ್ಳಿನ ವಾಸನೆ. ಎಳ್ಳು ಪುಡಿ ಮಾಡುವುದಕ್ಕೇ ಒಂದು ಜಾರನ್ನು ಮೀಸಲಿಟ್ಟು ಅದರ ಹಿಡಿಗೆ ಕಪ್ಪು ಟೇಪು ಸುತ್ತಿದ್ದೇವೆ. ಅದು ಚಟ್ನಿಗೆ ಹೋಗುವುದಿಲ್ಲ.

ಬೋಂಡಾಕ್ಕೆ ‘ತಗುಲಬಹುದು’ ಯಾಕೆ ಎಂದು ಹೆಚ್ಚು ಜನ ಕೇಳುತ್ತಾರೆ. ಕಡಲೆಹಿಟ್ಟು, ಆಲೂಗಡ್ಡೆ, ಇದರಲ್ಲಿ ಎಳ್ಳೆಲ್ಲಿಂದ ಬರಬೇಕು? ಬಾಣಲೆಯಿಂದ. ಅದೇ ಎಣ್ಣೆಯಲ್ಲಿ ನಿಪ್ಪಟ್ಟು, ಚಕ್ಕುಲಿ ಕರಿಯುತ್ತೇವೆ. ಎರಡಕ್ಕೂ ಎಳ್ಳು ಹಾಕುವುದುಂಟು. ಹಿಟ್ಟಿನಿಂದ ಬಿಡಿಸಿಕೊಂಡ ಕಾಳು ಎಣ್ಣೆಯಲ್ಲಿ ತೇಲಿ, ಕಪ್ಪಗಾಗಿ, ಆಮೇಲೆ ತಳ ಸೇರುತ್ತದೆ. ಜಾಲರಿ ಸೌಟಿನಲ್ಲಿ ದೊಡ್ಡ ಚೂರು ತೆಗೆಯಬಹುದು, ಒಡೆದ ಕಾಳು ತೂತಿನಲ್ಲಿ ನುಸುಳಿ ಮುಂದಿನ ಬೋಂಡಾಕ್ಕೆ ಅಂಟುತ್ತದೆ. ಎರಡನೇ ಬಾಣಲೆ ಇಡಲು ಒಲೆಯಲ್ಲಿ ಜಾಗ ಇಲ್ಲ. ಜಾಗ ಆಗುವತನಕ ಬೋಂಡಾ, ಬಜ್ಜಿ, ವಡೆ ಮೂರಕ್ಕೂ ಆ ಗುರುತು ಇರುತ್ತದೆ.

ಗಾಣದ ಎಣ್ಣೆಯ ವಿಷಯಕ್ಕೆ ಬಂದರೆ ಅಭಿಮಾನಿಗಳಿಗೆ ಸ್ವಲ್ಪ ಬೇಸರವಾಗಬಹುದು. ಮರದ ಗಾಣದ ಕಡಲೆಕಾಯಿ ಎಣ್ಣೆ ಈಗ ಮತ್ತೆ ಬೇಡಿಕೆಗೆ ಬಂದಿದೆ, ರುಚಿಯಲ್ಲಿ ನನ್ನ ತಕರಾರಿಲ್ಲ. ಆದರೆ ಒಂದೇ ಗಾಣದಲ್ಲಿ ಬೆಳಗ್ಗೆ ಎಳ್ಳು, ಮಧ್ಯಾಹ್ನ ಕಡಲೆಕಾಯಿ ಹಾಕಿದರೆ ಮರದ ಒರಳಿನ ಸಂದಿಯಲ್ಲಿ ಎಳ್ಳಿನ ಹಿಂಡಿ ಉಳಿದಿರುತ್ತದೆ. ಹೀಗೆ ಹಿಂಡಿ, ತಿಳಿಯಾಗಲು ಬಿಟ್ಟ ಎಣ್ಣೆಯಲ್ಲಿ ಪ್ರೋಟೀನು ಪೂರ್ತಿ ಹೋಗಿರುವುದಿಲ್ಲ. ಎಳ್ಳಿನ ಕೆಲವು ಅಲರ್ಜಿಕಾರಕ ಪ್ರೋಟೀನುಗಳು ಕಾಳಿನೊಳಗಿನ ಎಣ್ಣೆಯ ಹನಿಗಳಿಗೇ ಅಂಟಿಕೊಂಡಿರುವಂಥವು. ‘ಎಣ್ಣೆ ತಾನೇ, ಏನಾಗುವುದಿಲ್ಲ’ ಎಂಬ ಸಮಾಧಾನ ಎಳ್ಳಿನ ವಿಷಯದಲ್ಲಿ ಸಲ್ಲದು. ನಾವು ಗಾಣದ ಎಣ್ಣೆಯನ್ನು ಬಳಸುವುದು ಕೆಲವು ಗೊಜ್ಜು, ಪಲ್ಯಗಳಿಗೆ ಮಾತ್ರ. ಅವುಗಳಲ್ಲಿ ಎಳ್ಳು ಇಲ್ಲದಿದ್ದರೂ ‘ತಗುಲಬಹುದು’ ಎಂದು ಬರೆದಿದ್ದೇವೆ.

ಪಫ್, ಖಾರ ಬಿಸ್ಕತ್ತು, ಬನ್ನಿಗೆ ‘ಕೇಳಿ’ ಎಂದಿರುವುದರ ಹಿಂದೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಥೆ ಇದೆ. ಡಾಲ್ಡಾ ಎಂದೇ ನಾವೆಲ್ಲ ಕರೆಯುವ ವನಸ್ಪತಿ ನೋಡಲು ತುಪ್ಪದ ಹಾಗೆ ಇರುವುದರಿಂದ ಅದನ್ನು ತುಪ್ಪಕ್ಕೆ ಬೆರೆಸಿ ಮಾರುವ ದಂಧೆ ಹಳೆಯದು. ಬೆರೆಸಿದವರನ್ನು ಹಿಡಿಯಲು ಸರ್ಕಾರ ಒಂದು ಉಪಾಯ ಮಾಡಿತು: ವನಸ್ಪತಿ ತಯಾರಿಸುವವರು ಅದಕ್ಕೆ ತೂಕದಲ್ಲಿ ಕನಿಷ್ಠ ನೂರಕ್ಕೆ ಐದರಷ್ಟು ಎಳ್ಳೆಣ್ಣೆ ಸೇರಿಸಲೇಬೇಕೆಂದು ಷರತ್ತು ಹಾಕಿತು. ಎಳ್ಳೆಣ್ಣೆಯಲ್ಲಿರುವ ಒಂದು ಅಂಶ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಜೊತೆ ಸೇರಿದರೆ ಕೆಂಪಾಗುತ್ತದೆ. ಕರಗಿಸಿದ ತುಪ್ಪಕ್ಕೆ ಇವನ್ನು ಹಾಕಿ ಕುಲುಕಿದಾಗ ಕೆಳಗಿನ ಆಮ್ಲದ ಪದರ ಗುಲಾಬಿಗೋ ಕೆಂಪಿಗೋ ತಿರುಗಿದರೆ ವನಸ್ಪತಿ ಬೆರೆತಿದೆ ಎಂದು ಲೆಕ್ಕ. ಬೋಡ್ವಾ ಪರೀಕ್ಷೆ ಎಂದು ಇದಕ್ಕೆ ಹೆಸರು. ಫರ್ಫ್ಯುರಾಲ್ ಬದಲು ಸಕ್ಕರೆ ಹಾಕಿ ಕಾಲೇಜು ಲ್ಯಾಬಿನಲ್ಲಿ ಮಾಡಿದವರು ಓದುಗರಲ್ಲೂ ಇರಬಹುದು. ಈ ಷರತ್ತನ್ನು 2011ರ ಆಹಾರ ಮಾನದಂಡ ನಿಯಮಗಳಲ್ಲೂ ಬರೆದಿಟ್ಟರು, ಮಾರ್ಗರಿನ್‌ಗೂ ಸೇರಿಸಿ. ಕಲಬೆರಕೆ ಹಿಡಿಯಲು ಜಾಣ ಉಪಾಯವೇ. ಎಳ್ಳಿನ ಅಲರ್ಜಿ ಇರುವವರ ಮಟ್ಟಿಗೆ ಮಾತ್ರ ಎಳ್ಳೆಣ್ಣೆ ಬೇಕರಿಯ ಹಿಂಬಾಗಿಲಿನಿಂದ ಬಂದ ಹಾಗಾಯಿತು. ವನಸ್ಪತಿಗೆ ಹಾಕುವ ಎಣ್ಣೆ ಚೆನ್ನಾಗಿ ಶುದ್ಧೀಕರಿಸಿದ್ದಾಗಿದ್ದರೆ ಪ್ರೋಟೀನು ತೀರಾ ಕಡಿಮೆ ಇರುತ್ತದೆ, ಅಪಾಯವೂ ಕಡಿಮೆ. ಆದರೆ ಕಚ್ಚಾ ಎಣ್ಣೆಯನ್ನೂ ಹಾಕಬಹುದೆಂದು ಆ ನಿಯಮದಲ್ಲಿತ್ತು. ಎಳ್ಳೆಣ್ಣೆಯನ್ನೂ ಮುಟ್ಟಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡವರು ಪದರ ಪದರದ ಪಫ್ ತಿನ್ನುವ ಮೊದಲು ಯಾವ ಕೊಬ್ಬು ಹಾಕಿದ್ದಾರೆ ಎಂದು ಕೇಳಬೇಕು. ನಮಗೆ ಪಫ್ ಬರುವ ಬೇಕರಿಯಲ್ಲಿ ಡಬ್ಬದ ಬ್ರ್ಯಾಂಡು ಆಗಾಗ ಬದಲಾಗುತ್ತದೆ. ಆದ್ದರಿಂದ ‘ಕೇಳಿ’.

ಊರಿನವರಿಗೆ ವಿಶೇಷವಾಗಿ ಹೇಳಬೇಕಾದದ್ದು ಹುಚ್ಚೆಳ್ಳಿನ ಬಗ್ಗೆ. ಮಾಗಡಿ ಸೀಮೆಯ ರಾಗಿ ಹೊಲದಲ್ಲಿ ಅವರೆ, ತೊಗರಿಯ ಜೊತೆ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡ ಅದು. ಮುದ್ದೆ ಊಟಕ್ಕೆ ನಾವು ಕೊಡುವ ಚಟ್ನಿಪುಡಿ ಅದರದ್ದೇ. ಹೆಸರಿನಲ್ಲಿ ಎಳ್ಳು ಇದ್ದರೂ ಹುಚ್ಚೆಳ್ಳು ಎಳ್ಳಿನ ಸಂಬಂಧಿಯಲ್ಲ, ಸೂರ್ಯಕಾಂತಿಯ ಕುಟುಂಬದ್ದು. ಕಾಳನ್ನು ಅಂಗೈಯಲ್ಲಿಟ್ಟು ನೋಡಿದರೆ ಸಾಕು: ಎಳ್ಳು ಚಪ್ಪಟೆ, ಒಂದು ತುದಿ ಚೂಪು, ಹೊಳಪಿಲ್ಲ, ಹುಚ್ಚೆಳ್ಳು ಸಣಕಲಾಗಿ ಉದ್ದ, ಕಪ್ಪಗೆ ಮಿಂಚುತ್ತದೆ. ಹಾಗಿದ್ದರೂ ನಮ್ಮ ಹುಚ್ಚೆಳ್ಳು ಪುಡಿಗೆ ‘ತಗುಲಬಹುದು’ ಗುರುತಿದೆ. ಎರಡೂ ಕಾಳನ್ನು ಒಂದೇ ಕಣದಲ್ಲಿ ಒಕ್ಕಿ, ಒಂದೇ ಜರಡಿಯಲ್ಲಿ ಆಡಿಸಿ, ಅಂಗಡಿಯಲ್ಲಿ ಅಕ್ಕಪಕ್ಕದ ಚೀಲದಲ್ಲಿ ಇಡುತ್ತಾರೆ. ಒಂದು ಸೇರು ಹುಚ್ಚೆಳ್ಳನ್ನು ಮೊರದಲ್ಲಿ ಹರಡಿದರೆ ಅಲ್ಲೊಂದು ಇಲ್ಲೊಂದು ಎಳ್ಳು ಸಿಗುವುದು ಹೊಸತೇನಲ್ಲ. ಅಪ್ಪಟ ಎಳ್ಳು ಎಂಬ ಕಪ್ಪು ಚೌಕ ಹಾಕಿದ್ದರೆ ಸುಳ್ಳಾಗುತ್ತಿತ್ತು, ಏನೂ ಹಾಕದಿದ್ದರೂ ಸುಳ್ಳೇ.

ಇದನ್ನೆಲ್ಲ ಬರೆಯಬೇಕೆಂದು ನಮಗೆ ಯಾವ ಇಲಾಖೆಯೂ ಹೇಳಿಲ್ಲ. ಪ್ಯಾಕೆಟ್ಟಿನ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು ಹೇಳುವ 2020ರ ಲೇಬಲ್ ನಿಯಮಗಳ ಪಟ್ಟಿಯಲ್ಲಿ ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಇದ್ದವು. ಎಳ್ಳು ಇರಲಿಲ್ಲ. ಮೆನುವಿನಲ್ಲಿ ಅಲರ್ಜಿ ಮಾಹಿತಿ ಕೊಡಬೇಕೆಂಬ ಕಟ್ಟಳೆ ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಕಡೆ ಇಲ್ಲವೇ ಹೆಚ್ಚು ಶಾಖೆ ಇರುವ ಹೋಟೆಲುಗಳಿಗೆ. ನಮ್ಮದು ಒಂದೇ ಅಂಗಡಿ. ಎಳ್ಳಿಲ್ಲದ ಹಬ್ಬವಿಲ್ಲದ ನಾಡಿನಲ್ಲಿ ಆ ಪಟ್ಟಿಯಲ್ಲಿ ಎಳ್ಳೇ ಇಲ್ಲದ್ದು ನನಗೆ ಸರಿ ಕಾಣಲಿಲ್ಲ. ಪ್ಯಾಕೆಟ್ಟು ತಿರುಗಿಸಿ ಓದುವವರು ಎಳ್ಳನ್ನು ತಿಲ್, ಜಿಂಜೆಲಿ, ಸೆಸಮಿ, ತಹಿನಿ ಎಂಬ ಹೆಸರುಗಳಲ್ಲೂ ಹುಡುಕಬೇಕಾಗುತ್ತದೆ. ಹಳೆಯ ತಲೆಮಾರಿನವರು ಹೇಳುವ ಒಳ್ಳೆಣ್ಣೆ ಎಂದರೂ ಅದೇ.

ಬೇರೆ ದೇಶಗಳಲ್ಲಿ ಕಾನೂನು ಬಂದದ್ದೂ ಸುಮ್ಮನೆ ಅಲ್ಲ. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ತಿಂಡಿ ತಿಂದು ವಿಮಾನದಲ್ಲಿ ಅಸ್ವಸ್ಥಳಾಗಿ ತೀರಿಕೊಂಡಳು. ಎಳ್ಳನ್ನು ಹಿಟ್ಟಿನೊಳಗೇ ಕಲಸಿ ಬೇಯಿಸಿದ್ದರು, ಮೇಲೆ ಕಾಣುತ್ತಿರಲಿಲ್ಲ, ಹೊದಿಕೆಯ ಮೇಲೆ ಬರೆದಿರಲಿಲ್ಲ. ಅಂಗಡಿಯಲ್ಲೇ ಮಾಡಿ ಕಟ್ಟಿದ ತಿಂಡಿಗೆ ಬರೆಯಬೇಕೆಂದು ಆಗ ಕಾನೂನೂ ಇರಲಿಲ್ಲ. ಅವಳ ತಂದೆತಾಯಿ ಪಟ್ಟುಹಿಡಿದು ಹೋರಾಡಿದ ಮೇಲೆ ಅವಳ ಹೆಸರಿನ ನಿಯಮ 2021ರ ಅಕ್ಟೋಬರ್ 1ರಿಂದ ಅಲ್ಲಿ ಜಾರಿಗೆ ಬಂತು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕ. ಅಲ್ಲಿ ಆದದ್ದು ವಿಚಿತ್ರ. ಕೆಲವು ಬ್ರೆಡ್ ಕಂಪನಿಗಳಿಗೆ ಯಂತ್ರ ತೊಳೆದು ಎಳ್ಳಿಲ್ಲವೆಂದು ಖಾತ್ರಿ ಪಡಿಸುವುದಕ್ಕಿಂತ, ಮೊದಲು ಎಳ್ಳು ಇಲ್ಲದ ಬ್ರೆಡ್ಡಿಗೂ ಸ್ವಲ್ಪ ಎಳ್ಳಿನ ಹಿಟ್ಟು ಹಾಕಿ ‘ಎಳ್ಳಿದೆ’ ಎಂದು ಬರೆಯುವುದು ಸುಲಭವಾಗಿ ಕಂಡಿತು. ಕಾನೂನು ಪಾಲನೆಯಾಯಿತು, ಅಲರ್ಜಿ ಇದ್ದವರಿಗೆ ಮಾತ್ರ ತಿನ್ನುವ ಬ್ರೆಡ್ಡು ಇಲ್ಲದಾಯಿತು.

ಎಲ್ಲ ಸಾಲಿಗೂ ‘ತಗುಲಬಹುದು’ ಎಂದು ಬರೆದು ಕೈತೊಳೆದುಕೊಳ್ಳಲು ನಮಗೂ ಸಲಹೆ ಬಂದಿತ್ತು. ಹಾಗೆ ಮಾಡಿದರೆ ಗುರುತಿಗೆ ಬೆಲೆಯೇ ಇರುವುದಿಲ್ಲ. ಕಾಫಿಗೂ ಬೋಂಡಾಕ್ಕೂ ಒಂದೇ ಎಚ್ಚರಿಕೆ ಕಂಡವರು ಎರಡನ್ನೂ ನಂಬುವುದಿಲ್ಲ, ಆಮೇಲೆ ಪುಳಿಯೋಗರೆಯದನ್ನೂ ನಂಬುವುದಿಲ್ಲ.

ಗುರುತು ಕೆಡುವುದು ಎಲ್ಲಿ ಎಂದರೆ, ಅಡುಗೆಯಲ್ಲಿ ಬದಲಾವಣೆಯಾದ ದಿನ. ಹುರಿಗಡಲೆ ತೀರಿತೆಂದು ಅಡುಗೆಯವರು ಚಟ್ನಿಗೆ ಒಂದು ಹಿಡಿ ಎಳ್ಳು ಹಾಕಬಹುದು, ರುಚಿಯೂ ಹೆಚ್ಚಬಹುದು, ಕಾರ್ಡು ಅಲ್ಲಿಗೆ ಸುಳ್ಳಾಗುತ್ತದೆ. ಆದ್ದರಿಂದ ಎಳ್ಳಿನ ಡಬ್ಬವನ್ನು ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಮುಚ್ಚಳ ಬಿಗಿದು ಇಟ್ಟಿದ್ದೇವೆ. ಮೇಲಿದ್ದರೆ ಕೆಳಗಿನ ಪದಾರ್ಥಕ್ಕೆ ಉದುರುತ್ತದೆ. ಯಾವ ತಿಂಡಿಗೆ ಹೊಸದಾಗಿ ಎಳ್ಳು ಬಿದ್ದರೂ ಅಡುಗೆಯವರು ಗಲ್ಲಾದ ಹಿಂದಿನ ಕಪ್ಪು ಹಲಗೆಯ ಮೇಲೆ ಅದರ ಹೆಸರು ಬರೆಯಬೇಕು. ಕಾರ್ಡಿಗೂ ಹಲಗೆಗೂ ಹೊಂದದಿದ್ದರೆ ಹಲಗೆಯನ್ನೇ ನಂಬಿ. ಸಂಕ್ರಾಂತಿಯಲ್ಲಿ ಗಲ್ಲಾದ ಮೇಲೆ ಬಟ್ಟಲಲ್ಲಿ ಇಡುತ್ತಿದ್ದ ಎಳ್ಳುಬೆಲ್ಲ ಈಗ ಸಣ್ಣ ಪೊಟ್ಟಣದಲ್ಲಿ ಬರುತ್ತದೆ. ಹಬ್ಬಕ್ಕೆ ಕೊರತೆಯಿಲ್ಲ, ಅದೇ ಕೈಯಲ್ಲಿ ಚಿಲ್ಲರೆ, ಅದೇ ಕೈಯಲ್ಲಿ ಇಡ್ಲಿ ಎಂಬುದು ನಿಂತಿದೆ.

ಇಷ್ಟಾದರೂ ಯಾರಿಗಾದರೂ ತಿಂದ ಮೇಲೆ ತುಟಿ ಊದಿ ಉಸಿರಾಟ ಕಷ್ಟವಾದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸುತ್ತ ಕೂರುವ ಕಾಲ ಅದಲ್ಲ. ಅದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿಯ ಮಾತ್ರೆ ತುರಿಕೆ ತಗ್ಗಿಸೀತು, ಕಟ್ಟಿದ ಉಸಿರು ಬಿಡಿಸುವುದಿಲ್ಲ. 108ಕ್ಕೆ ಕರೆ ಮಾಡಿ, ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಷ್ಟವಾಗಿದ್ದರೆ ಒರಗಿ ಕೂರಿಸಿ. ನಡೆಸಿಕೊಂಡು ಹೋಗಬೇಡಿ. ಎಳ್ಳು ತಿಂದದ್ದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿ.

ನಿಮಗೆ ಅಥವಾ ನಿಮ್ಮ ಮಗುವಿಗೆ ಎಳ್ಳು ಆಗದಿದ್ದರೆ ಕಾರ್ಡು ನೋಡಿ ಸುಮ್ಮನಾಗಬೇಡಿ, ಆರ್ಡರ್ ಕೊಡುವ ಮೊದಲೇ ಗಲ್ಲಾದಲ್ಲಿ ಒಂದು ಮಾತು ಹೇಳಿ. ಎಣ್ಣೆಯೂ ಆಗದೋ ಬರೀ ಕಾಳು ಆಗದೋ ಎಂಬುದನ್ನೂ ಹೇಳಿ. ನಿಮ್ಮ ಚೀಟಿಯ ಮೇಲೆ ಎಳ್ಳು ಎಂದು ಬರೆದು ಅಡ್ಡಗೆರೆ ಹೊಡೆದು ಒಳಗೆ ಕಳಿಸುತ್ತೇವೆ, ತಟ್ಟೆಯನ್ನು ಬೇರೆ ಸೌಟು, ಬೇರೆ ಚಮಚದಲ್ಲಿ ಬಡಿಸುತ್ತಾರೆ. ನೂಕುನುಗ್ಗಲು ಇರುವ ಭಾನುವಾರ ಬೆಳಗ್ಗೆ ಇದಕ್ಕೆ ಐದು ನಿಮಿಷ ಹೆಚ್ಚು ಹಿಡಿಯಬಹುದು, ದಯವಿಟ್ಟು ಕಾಯಿರಿ. ಎಳ್ಳು ಆಗದವರಿಗೆ ಕರಿದ ತಿಂಡಿ ಮತ್ತು ಪಫ್ ಮಾತ್ರ ನಮ್ಮಲ್ಲಿ ಬೇಡ.